ಒಡವೆ ಅವಳದು, ಬಡ್ಡಿಯೂ ಅವಳದು, ಮಾತು ಮಾತ್ರ ಯಾರದು?

ಗೃಹಿಣಿಗೆ ತನ್ನದೇ ಆದ ಉಳಿತಾಯ ಇರಬೇಕು, ಮನೆಯ ದುಡ್ಡುಕಾಸಿನ ತೀರ್ಮಾನದಲ್ಲಿ ಅವಳ ಮಾತಿಗೆ ತೂಕ ಇರಬೇಕು ಎಂದು ಹೇಳಿದರೆ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಕಡೆ ಯಾರೂ ಜಗಳಕ್ಕೆ ಬರುವುದಿಲ್ಲ. ‘ಇರಲಿ ಬಿಡಿ, ಯಾರು ಬೇಡ ಅಂದರು’ ಎಂದು ನಗುತ್ತಾರೆ. ಆಕ್ಷೇಪಗಳು ಆಮೇಲೆ ಒಂದೊಂದಾಗಿ ಬರುತ್ತವೆ. ಅವನ್ನು ಎತ್ತುವವರು ಕೆಟ್ಟವರೇನಲ್ಲ. ಸಂಸಾರ ತೂಗಿಸಿದ ಗಂಡಸರು ಎತ್ತುತ್ತಾರೆ, ಸೊಸೆ ತಂದ ಅತ್ತೆಯರು ಎತ್ತುತ್ತಾರೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳೂ ಎತ್ತುತ್ತಾರೆ. ಆದ್ದರಿಂದ ನಾಲ್ಕು ಮುಖ್ಯ ಆಕ್ಷೇಪಗಳನ್ನು ಅವರದೇ ಮಾತಿನಲ್ಲಿ ಇಟ್ಟು, ಒಂದೊಂದಕ್ಕೂ ಉತ್ತರ ಹೇಳುತ್ತೇನೆ.

ಒಂದು: ‘ದುಡಿದು ತಂದವನು ಗಂಡ. ಅದರಲ್ಲಿ ಉಳಿದದ್ದು ಅವಳದು ಹೇಗಾಗುತ್ತದೆ?’

ಈ ಪ್ರಶ್ನೆ ನಮ್ಮ ಊರಿನದಷ್ಟೇ ಅಲ್ಲ. 1943ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಬ್ಲ್ಯಾಕ್‌ವೆಲ್ ದಂಪತಿಯ ವ್ಯಾಜ್ಯ ಬಂದಿತ್ತು. ಗಂಡ ಮನೆಖರ್ಚಿಗೆ ಕೊಡುತ್ತಿದ್ದ ಹಣದಲ್ಲಿ ಹೆಂಡತಿ ಉಳಿಸಿ, ಸಹಕಾರ ಸಂಘದಲ್ಲಿ ನೂರು ಪೌಂಡಿಗಿಂತ ಸ್ವಲ್ಪ ಹೆಚ್ಚು ಇಟ್ಟಿದ್ದಳು. ಆ ಹಣ ಗಂಡನದೇ ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಕಡಿಮೆ ಖರ್ಚಿನಲ್ಲಿ ಮನೆ ನಡೆಸಿದ ಜಾಣ್ಮೆಗೆ ಸಿಕ್ಕ ಬಹುಮಾನ ಅದು. ಈ ಅನ್ಯಾಯ ಅಲ್ಲಿಯ ಸಂಸತ್ತಿಗೇ ಕಣ್ಣು ಚುಚ್ಚಿ, ಮನೆಖರ್ಚಿನ ಹಣದಲ್ಲಿ ಉಳಿದದ್ದು ಇಬ್ಬರಿಗೂ ಸಮಪಾಲು ಎಂದು 1964ರಲ್ಲಿ ಕಾನೂನು ಬಂತು. ನಮ್ಮಲ್ಲಿ ಈ ಆಕ್ಷೇಪ ಎತ್ತುವವರು ಇಂಗ್ಲೆಂಡು 1964ರಲ್ಲೇ ಬಿಟ್ಟ ವಾದವನ್ನು ಇನ್ನೂ ಹಿಡಿದುಕೊಂಡಿದ್ದಾರೆ.

ನಮ್ಮ ದೇಶದಲ್ಲಿ ಅಂಥ ನೇರ ಕಾನೂನು ಇಲ್ಲ, ನಿಜ. ಗೋವಾದಂಥ ಒಂದೆರಡು ಕಡೆ ಬಿಟ್ಟರೆ, ಮದುವೆಯಾದ ಮೇಲೆ ಗಳಿಸಿದ್ದು ಇಬ್ಬರದೂ ಎಂಬ ನಿಯಮ ಉಳಿದ ಕಡೆ ಇಲ್ಲ. ಆದರೆ ನ್ಯಾಯಾಲಯಗಳು ಆ ದಿಕ್ಕಿಗೇ ಹೊರಳುತ್ತಿವೆ. ಗಂಡ ದುಡಿಯಲು ಹೋಗಲು ಸಾಧ್ಯವಾದದ್ದೇ ಹೆಂಡತಿ ಮನೆ ನೋಡಿಕೊಂಡಿದ್ದರಿಂದ, ಆದ್ದರಿಂದ ಆ ದುಡಿಮೆಯಲ್ಲಿ ಕೊಂಡ ಆಸ್ತಿಯಲ್ಲಿ ಅವಳಿಗೂ ಪಾಲಿದೆ ಎಂದು 2023ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಆ ತೀರ್ಪು ಕರ್ನಾಟಕದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಅದರ ತರ್ಕ ನಮಗೂ ಸಲ್ಲುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಹತ್ತಿರಹತ್ತಿರ ಐದು ಗಂಟೆ, ಸಂಬಳವಿಲ್ಲದೆ ಆ ಕೆಲಸ ಮಾಡುತ್ತಾರೆ. ಮನೆಗೆಲಸಕ್ಕೆ ಕೈಹಾಕುವ ಗಂಡಸರದು 97 ನಿಮಿಷ.

ನಮ್ಮ ಸೀಮೆಯಲ್ಲಂತೂ ‘ದುಡಿದವನು ಗಂಡ’ ಎಂಬ ಮಾತು ಅರ್ಧ ಸುಳ್ಳು. ಹಸುವಿಗೆ ಹುಲ್ಲು ಕೊಯ್ದು, ಸಗಣಿ ಬಾಚಿ, ಹಾಲು ಕರೆಯುವವಳು ಅವಳು. ಡೈರಿಯ ಸದಸ್ಯತ್ವ ಅವನ ಹೆಸರಿನಲ್ಲಿ, ಬಟವಾಡೆ ಅವನ ಖಾತೆಗೆ, ಸರ್ಕಾರದ ಲೀಟರಿನ ಪ್ರೋತ್ಸಾಹಧನವೂ ಅದೇ ಖಾತೆಗೆ. ಪಾವಗಡದ ತಿರುಮಣಿ ಸುತ್ತಿನ ಸೋಲಾರ್ ಪಾರ್ಕನ್ನು ನೋಡಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆಯೆಂದು ಶುರುವಾದ ಆ ಹಣ ಪಹಣಿಯಲ್ಲಿ ಹೆಸರಿರುವವರಿಗೆ ಹೋಗುತ್ತದೆ. ಅದೇ ಹೊಲದಲ್ಲಿ ಕಳೆ ತೆಗೆದು, ಕಡಲೆಕಾಯಿ ಬಿಡಿಸಿದ ಹೆಂಗಸಿನ ಹೆಸರು ಪಹಣಿಯಲ್ಲಿ ಇಲ್ಲದಿದ್ದರೆ ಗುತ್ತಿಗೆಯೂ ಅವಳದಲ್ಲ, ಹೊಲದ ಕೆಲಸವೂ ಹೋಯಿತು. ದುಡಿಮೆ ಇಬ್ಬರದು, ಹೆಸರು ಒಬ್ಬರದು. ಈ ಆಕ್ಷೇಪ ನಿಂತಿರುವುದು ಹೆಸರಿನ ಮೇಲೆ, ದುಡಿಮೆಯ ಮೇಲಲ್ಲ.

ಎರಡು: ‘ಗಂಡನಿಗೆ ಗೊತ್ತಿಲ್ಲದ ಗಂಟು ಎಂದರೆ ನಂಬಿಕೆಗೆ ಮೋಸ.’

ಇದರಲ್ಲಿ ಸತ್ಯಾಂಶವಿದೆ, ಅದನ್ನು ಮೊದಲೇ ಒಪ್ಪುತ್ತೇನೆ. ಸಾಸಿವೆ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ, ಅಕ್ಕಿ ಡ್ರಮ್ಮಿನ ತಳದಲ್ಲಿ ದುಡ್ಡಿಡುವುದು ಒಳ್ಳೆಯ ಪದ್ಧತಿಯಲ್ಲ. ಆದರೆ ಅದು ಕೆಟ್ಟ ಪದ್ಧತಿಯಾಗಿರುವುದು ಗಂಡನಿಗೆ ಮೋಸವಾಗುತ್ತದೆ ಎಂದಲ್ಲ, ಅವಳಿಗೇ ನಷ್ಟವಾಗುತ್ತದೆ ಎಂದು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿ ನೋಟು ರದ್ದಾದಾಗ ಇದು ಬಯಲಾಯಿತು. ವರ್ಷಗಟ್ಟಲೆ ಕೂಡಿಟ್ಟ ನೋಟುಗಳನ್ನು ಹೆಂಗಸರು ಗಂಡನ ಮುಂದೆ, ಮಗನ ಮುಂದೆ ತಂದಿಡಬೇಕಾಯಿತು. ಹಾಗೆ ಹೊರಬಂದ ಹಣ ಎಷ್ಟೋ ಮನೆಗಳಲ್ಲಿ ಬ್ಯಾಂಕಿಗೆ ಹೋದದ್ದು ಗಂಡನ ಖಾತೆಯ ಮೂಲಕ, ಅಲ್ಲಿಂದ ಅವಳಿಗೆ ತಿರುಗಿ ಬರಲೇ ಇಲ್ಲ.

ಅದೇ ಸಮಯದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಗ್ವಾಲಿಯರ್‌ನ ಗೃಹಿಣಿಯೊಬ್ಬರು ತಮ್ಮ ಖಾತೆಗೆ ಕಟ್ಟಿದ 2,11,500 ರೂಪಾಯಿಯನ್ನು ಆದಾಯ ತೆರಿಗೆ ಇಲಾಖೆ ಲೆಕ್ಕಕ್ಕೆ ಸಿಗದ ಆದಾಯ ಎಂದಿತು. ಗಂಡ, ಮಗ, ನೆಂಟರು ಕೊಟ್ಟ ಹಣದಲ್ಲಿ ಮನೆಯ ನಾಳೆಗೆಂದು ಉಳಿಸಿದ್ದು ಎಂದು ಅವರು ಹೇಳಿದರು. 2021ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆಗ್ರಾ ಪೀಠ ಅವರ ಮಾತನ್ನು ಒಪ್ಪಿತು. ನೋಟು ರದ್ದಿನ ಕಾಲದಲ್ಲಿ ಗೃಹಿಣಿಯರು ಕಟ್ಟಿದ ಎರಡೂವರೆ ಲಕ್ಷದವರೆಗಿನ ಹಣವನ್ನು ಅನುಮಾನದಿಂದ ನೋಡಬೇಕಿಲ್ಲ ಎಂದಿತು. ಗೃಹಿಣಿಯ ಉಳಿತಾಯ ಕಳ್ಳಗಂಟಲ್ಲ, ದೇಶದ ಕೋಟ್ಯಂತರ ಮನೆಗಳಲ್ಲಿ ಇರುವ ಸಹಜ ಪದ್ಧತಿ ಎಂಬುದಕ್ಕೆ ತೆರಿಗೆಯವರ ಮುಂದೆಯೇ ಸಿಕ್ಕ ಮನ್ನಣೆ ಇದು.

ಆದ್ದರಿಂದ ನಾನು ಕೇಳುವುದು ಗುಟ್ಟಿನ ಗಂಟನ್ನಲ್ಲ. ಖಾತೆ ಇದೆ ಎಂಬುದು ಮನೆಯವರಿಗೆಲ್ಲ ಗೊತ್ತಿರಲಿ. ಅದರಿಂದ ತೆಗೆಯುವ ಅಧಿಕಾರ ಮಾತ್ರ ಅವಳೊಬ್ಬಳದಾಗಿರಲಿ. ಗಂಡ ತನ್ನ ಖಾತೆಯ ಒಂದೊಂದು ರೂಪಾಯಿಗೂ ಹೆಂಡತಿಗೆ ಲೆಕ್ಕ ಕೊಡುವುದಿಲ್ಲ, ಅದನ್ನು ಯಾರೂ ಮೋಸ ಎನ್ನುವುದಿಲ್ಲ. ಆ ನ್ಯಾಯ ಅವಳಿಗೂ ಇರಲಿ.

ಇದಕ್ಕೊಂದು ಅಪವಾದವೂ ಇದೆ. ಕುಡಿದು ಬಂದು ಹೊಡೆಯುವ, ದುಡ್ಡಿಗಾಗಿ ಪೆಟ್ಟಿಗೆ ಒಡೆಯುವ ಗಂಡನಿರುವ ಮನೆಯಲ್ಲಿ ‘ಎಲ್ಲ ಹೇಳಿ ಇಟ್ಟುಕೋ’ ಎಂದು ಬುದ್ಧಿ ಹೇಳುವ ಹಕ್ಕು ನಮಗಿಲ್ಲ. ಅಲ್ಲಿ ಅವಳು ಮುಚ್ಚಿಡುವುದು ಸರಿಯೇ. ಡಬ್ಬಿಯಲ್ಲಿ ಬೇಡ, ಪೋಸ್ಟಾಫೀಸಿನಲ್ಲಿ ಮುಚ್ಚಿಡಲಿ.

ಮೂರು: ‘ಈಗ ಗೃಹಲಕ್ಷ್ಮಿ ಅವಳ ಹೆಸರಿಗೇ ಬರುತ್ತದೆ, ಸಂಘವೂ ಇದೆ. ಇನ್ನೇನು ಬೇಕು?’

2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ರೇಷನ್ ಕಾರ್ಡಿನ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಹೆಂಗಸರಿಗೆ ಅದು ಸೇರುತ್ತಿದೆ. ಗೊರವನಹಳ್ಳಿ ಲಕ್ಷ್ಮಿಗೆ ಕೈಮುಗಿದು ಬಂದಷ್ಟೇ ನೆಮ್ಮದಿಯನ್ನು ಆ 2,000 ರೂಪಾಯಿ ಎಷ್ಟೋ ಮನೆಗಳಿಗೆ ಕೊಟ್ಟಿದೆ, ಸಂಶಯವಿಲ್ಲ. ಆದರೆ ಖಾತೆಯ ಮೇಲೆ ಹೆಸರಿರುವುದು ಬೇರೆ, ಖಾತೆ ಕೈಯಲ್ಲಿರುವುದು ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಇದು ಕಾಣುತ್ತದೆ. ದೇಶದಲ್ಲಿ ತಾವೇ ಬಳಸುವ ಬ್ಯಾಂಕ್ ಖಾತೆ ಇದೆ ಎಂದ ಹೆಂಗಸರು ನೂರಕ್ಕೆ 79ರಷ್ಟು. ಹೇಗೆ ಖರ್ಚು ಮಾಡಬೇಕೆಂದು ತಾವೇ ತೀರ್ಮಾನಿಸಬಹುದಾದ ಹಣ ಇದೆ ಎಂದವರು ಸುಮಾರು ಅರ್ಧದಷ್ಟು ಮಾತ್ರ.

ನಿಮ್ಮ ಮನೆಯಲ್ಲಿ ಖಾತೆ ಯಾರದು ಎಂದು ತಿಳಿಯಬೇಕಾದರೆ ಪಾಸ್‌ಬುಕ್ಕಿನ ಮೊದಲ ಪುಟ ನೋಡಬೇಡಿ. ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಯಾರದು ಎಂದು ಕೇಳಿ. ಗಂಡನದೋ ಮಗನದೋ ಆಗಿದ್ದರೆ ಹಣ ಬಂದ ಮೆಸೇಜು, ಒಟಿಪಿ ಎಲ್ಲ ಅವನಿಗೇ ಹೋಗುತ್ತದೆ. ಎಟಿಎಂ ಕಾರ್ಡ್ ಯಾರ ಜೇಬಿನಲ್ಲಿದೆ, ಪಿನ್ ಯಾರಿಗೆ ಗೊತ್ತು ಎಂದು ಕೇಳಿ. ಊರಿಗೆ ಬರುವ ಬ್ಯಾಂಕ್ ಮಿತ್ರನ ಯಂತ್ರಕ್ಕೆ ಅವಳು ಬೆರಳೊತ್ತಿದಾಗ ಎಷ್ಟು ತೆಗೆದರು ಎಂಬ ರಸೀದಿ ಅವಳ ಕೈಗೆ ಬರುತ್ತದೆಯೇ ನೋಡಿ. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ ಸರ್ಕಾರದ ಹಣ ಬರುವುದು ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ‘ನನಗೆ ಬರಲೇ ಇಲ್ಲ’ ಎನ್ನುವ ಎಷ್ಟೋ ಹೆಂಗಸರ ಹಣ ಅವರು ಮರೆತ ಇನ್ನೊಂದು ಖಾತೆಯಲ್ಲಿ ಕೂತಿರುತ್ತದೆ, ಅಥವಾ ಆ ಖಾತೆಯನ್ನು ಮರೆಯದ ಬೇರೆ ಯಾರೋ ತೆಗೆದಿರುತ್ತಾರೆ.

ಸಂಘದ ಮಾತಿಗೆ ಬರೋಣ. ಸ್ವಸಹಾಯ ಸಂಘ ಹೆಂಗಸರಿಗೆ ಬ್ಯಾಂಕಿನ ಬಾಗಿಲು ತೆರೆಯಿತು, ನಿಜ. ಆದರೆ ಸಂಘದಲ್ಲಿ ಅವಳ ಹೆಸರಿನಲ್ಲಿ ಇರುವುದರಲ್ಲಿ ಬಹುಪಾಲು ಉಳಿತಾಯವಲ್ಲ, ಸಾಲ. ವಾರದ ಉಳಿತಾಯ ಅಲ್ಪ, ಅದೂ ಸಂಘದಲ್ಲಿರುವವರೆಗೆ ಸುಲಭವಾಗಿ ಕೈಗೆ ಸಿಗುವುದಿಲ್ಲ. ಸಾಲ ಬಂದ ದಿನ ಅದು ಗಂಡನ ಬೈಕಿಗೋ ಹಳೆಯ ಕೈಸಾಲಕ್ಕೋ ಹೋಗುತ್ತದೆ. ಕಂತಿನ ದಿನ ಸಂಘದ ಸಭೆಯಲ್ಲಿ ಕೂತು ಉತ್ತರ ಕೊಡಬೇಕಾದವಳು ಅವಳು. ಸಹಿ ಅವಳದು, ಸಾಲ ಅವಳದು, ಸಾಮಾನು ಮಾತ್ರ ಅವನದು. ಇದನ್ನು ‘ಹೆಂಗಸರ ಕೈಯಲ್ಲಿ ದುಡ್ಡಿದೆ’ ಎಂದು ಎಣಿಸುವುದು ಸರಿಯಲ್ಲ.

ಹಾಗಾದರೆ ಉಳಿತಾಯ ಹೇಗಿರಬೇಕು? ಪೋಸ್ಟಾಫೀಸಿನ ಐದು ವರ್ಷದ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ. ತಿಂಗಳಿಗೆ 500ರಂತೆ ಕಟ್ಟಿದರೆ ಐದು ವರ್ಷಕ್ಕೆ ಅವಳು ಕಟ್ಟುವುದು 30,000. ಶೇಕಡಾ 6.7ರ ಬಡ್ಡಿಯಲ್ಲಿ ಕೈಗೆ ಬರುವುದು 35,683. ಇಲ್ಲೊಂದು ಎಚ್ಚರ ಬೇಕು. ಗೃಹಲಕ್ಷ್ಮಿ ಹಣ ಕೆಲವೊಮ್ಮೆ ಎರಡು ಮೂರು ತಿಂಗಳು ತಡವಾಗಿ ಬರುತ್ತದೆ. ಆರ್‌ಡಿ ಕಂತು ತಪ್ಪಿದರೆ ದಂಡ ಬೀಳುತ್ತದೆ, ನಾಲ್ಕು ಕಂತು ತಪ್ಪಿದರೆ ಖಾತೆಯೇ ನಿಲ್ಲುತ್ತದೆ. ಆದ್ದರಿಂದ ಬಂದ ಮೊದಲ ಹಣದಲ್ಲೇ ಆರ್‌ಡಿ ಶುರುಮಾಡುವುದು ಬೇಡ. ನಾಲ್ಕು ಕಂತಿನಷ್ಟು, ಅಂದರೆ 2,000 ರೂಪಾಯಿ, ಉಳಿತಾಯ ಖಾತೆಯಲ್ಲಿ ನಿಂತ ಮೇಲೆ ಶುರುಮಾಡಲಿ. ಒಂದು ವರ್ಷ ತಪ್ಪದೆ ಕಟ್ಟಿದರೆ, ಕಟ್ಟಿದ್ದರಲ್ಲಿ ಅರ್ಧದವರೆಗೆ ಅದರ ಮೇಲೆಯೇ ಸಾಲ ಸಿಗುತ್ತದೆ. ಆಸ್ಪತ್ರೆಯ ತುರ್ತಿಗೆ ಒಡವೆ ಬಿಚ್ಚಬೇಕಾಗಿಲ್ಲ. ಊರಿನ ನೋಂದಣಿಯಿಲ್ಲದ ಚೀಟಿಯಲ್ಲಿ ಹೆಚ್ಚು ಬರುತ್ತದೆ ಎಂದು ಯಾರಾದರೂ ಹೇಳಿದರೆ, ಚೀಟಿ ನಡೆಸುವವನು ರಾತ್ರೋರಾತ್ರಿ ಊರು ಬಿಟ್ಟ ದಿನ ಯಾರ ಬಾಗಿಲು ತಟ್ಟಬೇಕು ಎಂದು ಅವರನ್ನೇ ಕೇಳಲಿ.

ನಾಲ್ಕು: ‘ಮನೆಗೆ ಒಬ್ಬನೇ ಯಜಮಾನ ಇರಬೇಕು. ವ್ಯವಹಾರ ಅವಳಿಗೆ ತಿಳಿಯುವುದಿಲ್ಲ.’

ಎಲ್ಲ ಆಕ್ಷೇಪಗಳ ಬೇರು ಇದೇ. ಇದಕ್ಕೆ ನಮ್ಮ ಸೀಮೆಯಲ್ಲಿ ಮತ್ತೆ ಮತ್ತೆ ನಡೆಯುವ ಒಂದು ವ್ಯವಹಾರವನ್ನೇ ಲೆಕ್ಕ ಹಾಕಿ ಉತ್ತರಿಸುತ್ತೇನೆ. ಅಂಕಿಗಳು ಲೆಕ್ಕಕ್ಕೆಂದು ನಾನು ಇಟ್ಟುಕೊಂಡವು, ಕಥೆ ಯಾವ ಹಳ್ಳಿಯದಾದರೂ ಆಗಬಹುದು.

ಚನ್ನರಾಯನದುರ್ಗದ ಕಡೆ ಮೂರು ಎಕರೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಹಳೆಯ ಬೋರು ಬತ್ತಿತು. ಅಡಿಕೆ ಸಸಿ ಒಣಗುತ್ತಿವೆ. ಯಜಮಾನ ಪಾಯಿಂಟ್ ಮಾಡಿಸಿದ, ಹೊಸ ಬೋರು ಕೊರೆಸಲು ತೀರ್ಮಾನಿಸಿದ. ಹೆಂಡತಿಯ ತಾಳಿ ಸರ, ಬಳೆ ಅಡವಿಟ್ಟು ಎರಡು ಲಕ್ಷ ತಂದ. ವರ್ಷಕ್ಕೆ ಶೇಕಡಾ 12 ಬಡ್ಡಿ. ನಮ್ಮದು ಬಂಡೆ ಸೀಮೆ. ಇಲ್ಲಿ ನೀರಿರುವುದು ಕಲ್ಲಿನ ಬಿರುಕಿನಲ್ಲಿ ಮಾತ್ರ, ಪಕ್ಕದ ಹೊಲದಲ್ಲಿ ಸಿಕ್ಕಿತೆಂದು ಇಲ್ಲಿ ಸಿಗಬೇಕೆಂದಿಲ್ಲ. ಕೊರೆದಷ್ಟೂ ಧೂಳೇ ಎದ್ದಿತು.

ಈಗ ಬಡ್ಡಿ ನೋಡಿ. ಎರಡು ಲಕ್ಷಕ್ಕೆ ಮೊದಲ ವರ್ಷದ ಬಡ್ಡಿ 24,000. ಗೃಹಲಕ್ಷ್ಮಿ ತಿಂಗಳಿಗೆ 2,000, ವರ್ಷಕ್ಕೆ 24,000. ಅವಳಿಗೆಂದು ಸರ್ಕಾರ ಕೊಟ್ಟ ಇಡೀ ವರ್ಷದ ಹಣ ಅವಳದೇ ಒಡವೆಯ ಬಡ್ಡಿಗೆ ಸರಿಯಾಗಿ ಸಾಲುತ್ತದೆ, ಅಸಲಿನಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ. ಬಡ್ಡಿ ಕಟ್ಟದೆ ಅದು ಅಸಲಿಗೆ ಸೇರಿದರೆ ಎರಡನೇ ವರ್ಷ ಬಡ್ಡಿ ಬೀಳುವುದು 2,24,000ಕ್ಕೆ. ಎರಡು ವರ್ಷ ಮುಗಿಯುವ ಹೊತ್ತಿಗೆ ಸಾಲ 2,50,880. ಅಲ್ಲಿಂದ ಹರಾಜಿಗೆ ದೂರವಿಲ್ಲ. ಅಡವಿನ ಚೀಟಿ ಅವನ ಹೆಸರಿನಲ್ಲಿದ್ದರೆ ಹರಾಜಿನ ನೋಟೀಸು ಅವನಿಗೆ ಬರುತ್ತದೆ, ಹರಾಜಾಗಿ ಉಳಿದ ಹಣವೂ ಅವನಿಗೇ ಹೋಗುತ್ತದೆ. ಒಡವೆ ಹೋದದ್ದು ಅವಳಿಗೆ ಕೊನೆಗೆ ಗೊತ್ತಾಗುತ್ತದೆ.

ಅವಳನ್ನು ಮೊದಲೇ ಕೂರಿಸಿ ಕೇಳಿದ್ದರೆ ಏನಾಗುತ್ತಿತ್ತು? ನೀರು ಬರುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಅವಳು ಮೂರು ಪ್ರಶ್ನೆ ಕೇಳುತ್ತಿದ್ದಳು. ಸುತ್ತಲಿನ ಹೊಲಗಳಲ್ಲಿ ಈ ಎರಡು ವರ್ಷದಲ್ಲಿ ಕೊರೆಸಿದ ಬೋರು ಎಷ್ಟು, ಅದರಲ್ಲಿ ನೀರು ಬಿದ್ದದ್ದು ಎಷ್ಟು? ಇದು ಹುಲ್ಲಿಗೆ ಹೋಗುವ, ಡೈರಿಯ ಸಾಲಿನಲ್ಲಿ ನಿಲ್ಲುವ ಹೆಂಗಸಿಗೆ ಗಂಡನಷ್ಟೇ ಚೆನ್ನಾಗಿ ಗೊತ್ತು. ನೀರು ಬೀಳದಿದ್ದರೆ ಬಡ್ಡಿ ಯಾವುದರಲ್ಲಿ ಕಟ್ಟುವುದು, ಹಾಲಿನ ದುಡ್ಡಿನಲ್ಲೋ, ಸುಗ್ಗಿಯಲ್ಲಿ ಹುಣಸೆಹಣ್ಣು ಬಿಡಿಸಿದ ಕೂಲಿಯಲ್ಲೋ? ಎಲ್ಲ ಒಡವೆ ಇಡಬೇಕೋ, ಬಳೆ ಇಟ್ಟು ಸರ ಉಳಿಸಿಕೊಂಡು ಎಷ್ಟು ಅಡಿಯಲ್ಲಿ ನಿಲ್ಲಿಸಬೇಕೆಂದು ಮೊದಲೇ ತೀರ್ಮಾನಿಸಬೇಕೋ? ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು. ಬೋರು ಲಾರಿ ಹೊಲದಲ್ಲಿ ನಿಂತಿರುವಾಗ ‘ಇನ್ನೊಂದು ನೂರು ಅಡಿ ಹೋಗೋಣ’ ಎನ್ನುವ ಆಸೆಗೆ ಕಡಿವಾಣ ಹಾಕುವುದು ಹಿಂದಿನ ದಿನ ಇಬ್ಬರೂ ಕೂತು ಮಾಡಿದ ತೀರ್ಮಾನ ಮಾತ್ರ. ವ್ಯವಹಾರ ಎಂದರೆ ಇಂಥ ಪ್ರಶ್ನೆಗಳೇ. ಅವು ಅವಳಿಗೆ ತಿಳಿಯುವುದಿಲ್ಲ ಎಂದವರು ಅವಳನ್ನು ಎಂದೂ ಕೇಳಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಮದುವೆಯಲ್ಲಿ ತವರಿನವರು, ಗಂಡನ ಕಡೆಯವರು ಅವಳಿಗೆ ಕೊಟ್ಟ ಒಡವೆ ಸ್ತ್ರೀಧನ. ಅದು ಅವಳೊಬ್ಬಳ ಆಸ್ತಿ, ಅದನ್ನು ದುರುಪಯೋಗ ಮಾಡಿದರೆ ನಂಬಿಕೆದ್ರೋಹದ ಅಪರಾಧವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. ಸ್ತ್ರೀಧನ ಗಂಡ ಹೆಂಡತಿಯ ಜಂಟಿ ಆಸ್ತಿಯೂ ಅಲ್ಲ, ಕಷ್ಟಕಾಲದಲ್ಲಿ ಗಂಡ ಬಳಸಿಕೊಂಡರೂ ಅದನ್ನು ಹಿಂದಿರುಗಿಸುವ ಹೊಣೆ ಅವನದು ಎಂದು 2024ರಲ್ಲಿ ಮತ್ತೊಮ್ಮೆ ಹೇಳಿತು. ಅಡವಿಡುವಾಗ ‘ಈ ಒಡವೆ ನನ್ನದೇ’ ಎಂದು ಸಾಲದ ಅರ್ಜಿಯಲ್ಲಿ ಸಹಿ ಹಾಕುವ ಯಜಮಾನರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

‘ಹಾಗಾದರೆ ಮನೆ ಕಷ್ಟದಲ್ಲಿದ್ದಾಗ ಅವಳು ತನ್ನ ದುಡ್ಡನ್ನು ಗಟ್ಟಿಯಾಗಿ ಹಿಡಿದು ಕೂರಬೇಕೆ?’ ಎಂದು ಕೊನೆಗೆ ಕೇಳುತ್ತಾರೆ. ಯಾವ ಹೆಂಗಸು ಹಾಗೆ ಕೂತಿದ್ದಾಳೆ? ಮಗುವಿನ ಜ್ವರಕ್ಕೆ, ಶಾಲೆಯ ಫೀಸಿಗೆ, ಅತ್ತೆಯ ಆಪರೇಷನ್ನಿಗೆ ಮೊದಲು ಬಿಚ್ಚುವುದು ಅವಳ ಗಂಟೇ. ನಾನು ಕೇಳುವುದು ಇಷ್ಟೇ: ಅವಳು ಕೊಡುವಾಗ ಅದು ಅವಳು ಕೊಟ್ಟದ್ದು ಎಂದು ಮನೆ ಒಪ್ಪಲಿ, ಸುಗ್ಗಿ ಬಂದಾಗ ಅದು ಅವಳ ಖಾತೆಗೆ ಹಿಂದಿರುಗಲಿ. ಕೊಡುವುದೂ ಕೊಡದಿರುವುದೂ ಅವಳ ಕೈಯಲ್ಲಿದ್ದಾಗ ಮಾತ್ರ ಅದು ಕೊಡುಗೆ. ಕೇಳದೆ ತೆಗೆದುಕೊಂಡದ್ದು ಕೊಡುಗೆಯಲ್ಲ.

ಆಕ್ಷೇಪ ಎತ್ತಿದ ಅಣ್ಣಂದಿರಿಗೆ, ಹಿರಿಯರಿಗೆ ನನ್ನ ಕೋರಿಕೆ ಮೂರು. ಡೈರಿಯ ಸದಸ್ಯತ್ವವನ್ನು ಹಾಲು ಕರೆಯುವವಳ ಹೆಸರಿಗೆ ಮಾಡಿಸಿ. ಅವಳ ಖಾತೆಗೆ ಅವಳ ಮೊಬೈಲ್ ನಂಬರ್ ಜೋಡಿಸಿ. ಮುಂದಿನ ಸಲ ಒಡವೆ ಅಡವಿಡಲೇಬೇಕಾಗಿ ಬಂದರೆ ಅವಳನ್ನು ಕೇಳಿ, ಅವಳು ಒಪ್ಪಿದರೆ ಅವಳ ಹೆಸರಿನಲ್ಲೇ ಇಡಿ. ಇದಕ್ಕೆ ಹೊಸ ಕಾನೂನು ಬೇಡ, ಸರ್ಕಾರದ ದುಡ್ಡು ಬೇಡ. ಇಷ್ಟು ಮಾಡದೆ ‘ನಮ್ಮ ಮನೆಯಲ್ಲಿ ಅವಳೇ ಯಜಮಾನಿ’ ಎಂದು ಹೇಳಿಕೊಳ್ಳಬೇಡಿ.